ಮೊದಲು ತಾನಾಗಿ ಆರದ, ಈಗ ಬಿಸಿಯೇ ಆಗದ ಎಲೆಕ್ಟ್ರಿಕ್ ಕೆಟಲ್: ಥರ್ಮೋಸ್ಟಾಟ್, ಬೇಸ್, ಥರ್ಮಲ್ ಫ್ಯೂಸ್‌ಗಳಲ್ಲಿ ದೋಷ ಎಲ್ಲಿದೆ?

ಹೊಂಬೆಳಕು

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ 1500 ವಾಟ್‌ನ, ಒಂದೂವರೆ ಲೀಟರ್ ನೀರು ಹಿಡಿಯುವ ಸ್ಟೀಲ್ ಕೆಟಲ್ ಇದೆ. ತಿಂಗಳ ಹಿಂದೆ ನೀರು ಕುದಿದ ಮೇಲೂ ಅದು ತಾನಾಗಿ ಆರುವುದನ್ನು ನಿಲ್ಲಿಸಿತು. ಹಿಡಿಕೆಯ ಕೆಳಗಿನ ಸ್ವಿಚ್ಚನ್ನು ಕೈಯಿಂದ ಮೇಲೆತ್ತಿದರೆ ಆರುತ್ತಿದ್ದುದರಿಂದ ಹಾಗೆಯೇ ಬಳಸುತ್ತಾ ಬಂದೆ. ಒಂದು ದಿನ ನೀರಿಟ್ಟು ಮರೆತು ಹೊರಗೆ ಹೋಗಿ, ಎರಡು ಗಂಟೆಯ ನಂತರ ಬಂದು ನೋಡಿದಾಗ ಕೆಟಲ್ ಪೂರ್ತಿ ಒಣಗಿತ್ತು, ಮತ್ತು ಸ್ವಲ್ಪ ಹೊತ್ತಿಗೊಮ್ಮೆ ತಳದಿಂದ ‘ಟಿಕ್’ ಎಂಬ ಸದ್ದು ಬರುತ್ತಿತ್ತು. ತಣ್ಣಗಾದ ಮೇಲೆ ಅದು ಎಂದಿನಂತೆ ಕೆಲಸ ಮಾಡಿತು. ಕಳೆದ ವಾರ ಅದೇ ತಪ್ಪು ಮತ್ತೆ ಆಯಿತು. ಈ ಬಾರಿ ಯಾವ ಸದ್ದೂ ಇರಲಿಲ್ಲ, ಸುಟ್ಟ ವಾಸನೆ ಮಾತ್ರ ಇತ್ತು. ಅಂದಿನಿಂದ ಸೂಚನೆಯ ದೀಪವೂ ಉರಿಯುತ್ತಿಲ್ಲ, ನೀರೂ ಬಿಸಿಯಾಗುತ್ತಿಲ್ಲ. ಗೋಡೆಯ ಸಾಕೆಟ್‌ನಲ್ಲಿ ವಿದ್ಯುತ್ ಇರುವುದನ್ನು ಬೇರೆ ಉಪಕರಣ ಹಾಕಿ ಖಚಿತಪಡಿಸಿಕೊಂಡಿದ್ದೇನೆ. ನನ್ನ ಬಳಿ ಸಾಧಾರಣ ಮಲ್ಟಿಮೀಟರ್ ಇದೆ, ಪ್ರತಿರೋಧ ಅಳೆಯಲು ಬರುತ್ತದೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಸುಮನಸ

ಇದು ಥರ್ಮಲ್ ಫ್ಯೂಸ್ ಹೋಗಿರುವ ಸ್ಪಷ್ಟ ಲಕ್ಷಣ. ತಳ ಬಿಚ್ಚಿದರೆ ಬಿಳಿ ಸ್ಲೀವ್‌ನೊಳಗೆ ಒಂದು ಚಿಕ್ಕ ಲೋಹದ ಕೊಳವೆಯಂಥದ್ದು ಕಾಣುತ್ತದೆ, ಅದೇ ಫ್ಯೂಸ್. ಅದನ್ನು ತೆಗೆದು ಎರಡು ತಂತಿಗಳನ್ನೂ ನೇರವಾಗಿ ಸೇರಿಸಿದರೆ ಕೆಟಲ್ ಮತ್ತೆ ಓಡುತ್ತದೆ. ನಾನು ಎರಡು ಕೆಟಲ್‌ಗಳನ್ನು ಹೀಗೆಯೇ ಸರಿಪಡಿಸಿದ್ದೇನೆ. ಆರದಿರುವುದಕ್ಕೆ ಹಬೆಯ ಬೈಮೆಟಲ್ ಬಿಲ್ಲೆ ದುರ್ಬಲವಾಗಿರುವುದೇ ಕಾರಣವಾಗಿರಬೇಕು, ಅದನ್ನೂ ಬದಲಿಸಿಬಿಡಿ.

ತಾಮ್ರತಂತಿ

ಸುಮನಸ ಅವರೇ, ಫ್ಯೂಸ್ ಹೋಗಿರಬಹುದು ಎಂಬ ನಿಮ್ಮ ಊಹೆಯನ್ನು ನಾನು ಒಪ್ಪುತ್ತೇನೆ, ಆದರೆ ತಂತಿಗಳನ್ನು ನೇರವಾಗಿ ಸೇರಿಸುವ ಸಲಹೆಯನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಹೊಂಬೆಳಕು ಅವರ ಕೆಟಲ್ ಎರಡು ಸಲ ಒಣಗಿ ಕಾದಿದೆ. ಎರಡನೆಯ ಸಲ ಅದು ಬೆಂಕಿಗೆ ತಿರುಗದಂತೆ ತಡೆದದ್ದು ಆ ಫ್ಯೂಸ್ ಒಂದೇ ಇರಬಹುದು. ಅದನ್ನು ಬದಿಗೆ ಸರಿಸಿ ಮೂರನೆಯ ಸಲಕ್ಕೆ ದಾರಿ ತೆರೆದಿಡುವುದು ರಿಪೇರಿ ಎನಿಸಿಕೊಳ್ಳುವುದಿಲ್ಲ.

ಹೊಂಬೆಳಕು ಅವರೇ, ನಿಮ್ಮ ವಿವರಣೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ‘ಟಿಕ್’ ಸದ್ದು. ಇಂಥ ಕೆಟಲ್‌ನಲ್ಲಿ ಎರಡು ಬೇರೆ ಬೇರೆ ಕಾವಲುಗಳಿರುತ್ತವೆ. ಒಂದು, ಹಬೆ ತಾಗಿದಾಗ ಸ್ವಿಚ್ಚನ್ನು ಹಾರಿಸುವ ಬಿಲ್ಲೆ. ಕುದಿದ ನೀರನ್ನು ಆರಿಸುವುದು ಇದರ ಕೆಲಸ. ಇನ್ನೊಂದು, ಕಾಯುವ ತಳಕ್ಕೆ ಒತ್ತಿಕೊಂಡಿರುವ ಬಿಲ್ಲೆ. ನೀರಿಲ್ಲದೆ ತಳ ಅತಿಯಾಗಿ ಕಾದರೆ ಮಾತ್ರ ಇದು ಎಗರಿ ವಿದ್ಯುತ್ತನ್ನು ತಡೆಯುತ್ತದೆ, ತಣ್ಣಗಾದ ಮೇಲೆ ತಾನಾಗಿ ಮರಳಿ ಕೂರುತ್ತದೆ. ನಿಮ್ಮ ಸ್ವಿಚ್ ಆರದೆ ಉಳಿದಿದ್ದರಿಂದ ಈ ಎರಡನೆಯ ಬಿಲ್ಲೆ ಎಗರುವುದು, ತಣಿಯುವುದು, ಮತ್ತೆ ಸೇರುವುದು, ಹೀಗೆ ಬಹಳ ಹೊತ್ತು ಆ ದಿನ ದುಡಿದಿದೆ. ಒಂದೊಂದು ಸಲ ಸೇರಿ ಬಿಡುವಾಗಲೂ ಅದರ ಸಂಪರ್ಕ ಬಿಂದುಗಳ ನಡುವೆ ಕಿಡಿ ಹಾರುತ್ತದೆ. ಮೊದಲ ಸಲ ಸದ್ದು ಬಂತು ಎಂದರೆ ಅದು ಜೀವಂತವಾಗಿತ್ತು. ಎರಡನೆಯ ಸಲ ಸದ್ದೇ ಇಲ್ಲದೆ ಸುಟ್ಟ ವಾಸನೆ ಬಂತು ಎಂದರೆ ಸಂಪರ್ಕ ಬಿಂದುಗಳು ಬೆಸೆದುಕೊಂಡಿರಬಹುದು ಎಂಬುದು ನನ್ನ ಅನುಮಾನ. ಹಾಗಿದ್ದರೆ ನೀವು ಹುಡುಕಬೇಕಾದದ್ದು ಒಂದಲ್ಲ, ಮೂರು ದೋಷಗಳು, ಮತ್ತು ಒಂದರಿಂದ ಇನ್ನೊಂದು ಹುಟ್ಟಿದೆ.

ಬಿಚ್ಚುವ ಮೊದಲು ಒಂದು ವಿಷಯ ತಿಳಿಸಿ. ನೀರು ಕುದಿದಾಗ ಸ್ವಿಚ್ ತಾನಾಗಿ ಮೇಲೆ ಹಾರುತ್ತಿತ್ತೇ, ಇಲ್ಲವೇ? ಸ್ವಿಚ್ ಹಾರಿದರೂ ದೀಪ ಉರಿಯುತ್ತಾ ನೀರು ಕುದಿಯುತ್ತಲೇ ಇದ್ದರೆ ಸ್ವಿಚ್ಚಿನ ಸಂಪರ್ಕವೇ ಅಂಟಿಕೊಂಡಿದೆ ಎಂದರ್ಥ. ಸ್ವಿಚ್ ಅಲ್ಲಾಡದೆ ಕೆಳಗೇ ಇದ್ದರೆ ಹಬೆ ಬಿಲ್ಲೆಯನ್ನು ತಲುಪುತ್ತಿಲ್ಲ, ಅಥವಾ ಬಿಲ್ಲೆ ಹಾಳಾಗಿದೆ.

ನಂತರ ಪ್ಲಗ್ ಕಿತ್ತು, ನೀರು ಚೆಲ್ಲಿ, ಕೆಟಲ್ ತಣ್ಣಗಾಗಿ ಒಣಗಿದ ಮೇಲೆ, ಏನನ್ನೂ ಬಿಚ್ಚದೆ ಎರಡು ಅಳತೆ ತೆಗೆದುಕೊಳ್ಳಿ. ಕೆಟಲ್ಲನ್ನು ತಲೆಕೆಳಗಾಗಿಸಿ, ಸ್ವಿಚ್ಚನ್ನು ಚಾಲೂ ಸ್ಥಿತಿಯಲ್ಲಿಟ್ಟು, ತಳದ ಸಾಕೆಟ್‌ನ ಫೇಸ್ ಮತ್ತು ನ್ಯೂಟ್ರಲ್ ಸಂಪರ್ಕಗಳ ನಡುವೆ ಅಳೆಯಿರಿ. ಮೂರು ಸಂಪರ್ಕಗಳಲ್ಲಿ ಯಾವುದು ಅರ್ಥ್ ಎಂಬ ಗೊಂದಲ ಬೇಡ. ಯಾವ ಸಂಪರ್ಕಕ್ಕೂ ಕೆಟಲ್‌ನ ಸ್ಟೀಲ್ ಮೈಗೂ ನಡುವೆ ಸುಮಾರು ಸೊನ್ನೆ ಬರುತ್ತದೆಯೋ ಅದೇ ಅರ್ಥ್, ಉಳಿದೆರಡು ನಿಮಗೆ ಬೇಕಾದವು. 230 ವೋಲ್ಟ್‌ಗೆ 1500 ವಾಟ್ ಎಂದರೆ ಸರಿಯಿರುವ ಕೆಟಲ್‌ನಲ್ಲಿ ಸುಮಾರು 35 ಓಮ್ ಬರಬೇಕು. ಆಮೇಲೆ ಬೇಸನ್ನು ತೆಗೆದುಕೊಂಡು, ಪ್ಲಗ್ಗಿನ ಪ್ರತಿ ಪಿನ್ನಿನಿಂದ ಬೇಸ್‌ನ ಅದಕ್ಕೆ ಸೇರಿದ ಸಂಪರ್ಕದವರೆಗೆ ಅಳೆಯಿರಿ. ಮೀಟರ್‌ನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಸಂಖ್ಯೆಯನ್ನು ಪ್ರತಿ ಅಳತೆಯಿಂದಲೂ ಕಳೆಯಲು ಮರೆಯಬೇಡಿ.

ಬೆಳದಿಂಗಳು

ನನ್ನದೂ ಇದೇ ತೊಂದರೆ. ನನ್ನ ಗಾಜಿನ ಕೆಟಲ್‌ನಲ್ಲಿ 70, 80, 90 ಡಿಗ್ರಿ ಎಂದು ಗುಂಡಿಗಳಿವೆ. 80 ಒತ್ತಿದರೂ ನೀರು ಕುದಿಯುವವರೆಗೆ ಆರುವುದಿಲ್ಲ. ಹಾಗಾದರೆ ನನ್ನ ಹಬೆಯ ಬಿಲ್ಲೆಯೂ ಹಾಳಾಗಿದೆಯೇ? ಬೇಸ್‌ನ ಮಧ್ಯದಲ್ಲಿ ಮೂರಲ್ಲ, ಐದು ಸಂಪರ್ಕಗಳು ಕಾಣುತ್ತಿವೆ.

ತಾಮ್ರತಂತಿ

ಬೆಳದಿಂಗಳು ಅವರೇ, ನಿಮ್ಮ ಕೆಟಲ್ ಬೇರೆ ಬಗೆಯದು. ಹೆಚ್ಚಿನ ಎರಡು ಸಂಪರ್ಕಗಳು ತಳದಲ್ಲಿರುವ ಉಷ್ಣ ಸಂವೇದಕಕ್ಕೆ ಸೇರಿದವು, ಮತ್ತು ಯಾವಾಗ ಆರಿಸಬೇಕೆಂದು ತೀರ್ಮಾನಿಸುವುದು ಬೇಸ್‌ನೊಳಗಿನ ಸರ್ಕ್ಯೂಟ್. ಕುದಿದಾಗ ಆರುತ್ತಿದೆ ಎಂದ ಮೇಲೆ ವಿದ್ಯುತ್ ಕಡಿಯುವ ಭಾಗ ಸರಿಯಿದೆ. ಸಂವೇದಕದ ಆ ಎರಡು ಸಂಪರ್ಕಗಳು ಕೊಳೆಯಾಗಿ ಅಳತೆ ತಪ್ಪುತ್ತಿರಬಹುದು. ಪ್ಲಗ್ ಕಿತ್ತು ಒಣ ಬಟ್ಟೆಯಿಂದ ಎರಡೂ ಕಡೆಯನ್ನು ಒರೆಸಿ ನೋಡಿ. ಅದರಿಂದ ಸರಿಹೋಗದಿದ್ದರೆ ಬೇರೆ ಚರ್ಚೆಯಾಗಿ ಕೇಳುವುದು ಒಳ್ಳೆಯದು, ಏಕೆಂದರೆ ಇಲ್ಲಿನ ಅಳತೆಗಳು ನಿಮ್ಮ ಕೆಟಲ್‌ಗೆ ಹೊಂದುವುದಿಲ್ಲ.

ಹೊಂಬೆಳಕು

ತಾವು ಹೇಳಿದಂತೆ ಮಾಡಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ: ಆ ತಿಂಗಳಲ್ಲಿ ಸ್ವಿಚ್ ಒಮ್ಮೆಯೂ ತಾನಾಗಿ ಮೇಲೆ ಹಾರಲಿಲ್ಲ. ಕೈಯಿಂದ ಎತ್ತಿದ ತಕ್ಷಣ ದೀಪ ಆರುತ್ತಿತ್ತು.

ತಳದ ಸಾಕೆಟ್‌ನಲ್ಲಿ ಸ್ವಿಚ್ ಚಾಲೂ ಇದ್ದರೂ ಮೀಟರ್ `OL` ಎಂದೇ ತೋರಿಸುತ್ತಿದೆ, ಅಂದರೆ ದಾರಿ ಎಲ್ಲೋ ಕಡಿದಿದೆ. ಬೇಸ್‌ನ ಅಳತೆಯಲ್ಲಿ ಕಡ್ಡಿಗಳದ್ದೇ 0.3 ಓಮ್ ಇದ್ದು, ಅದನ್ನು ಕಳೆದರೆ ಅರ್ಥ್‌ಗೆ ಸೊನ್ನೆ, ನ್ಯೂಟ್ರಲ್‌ಗೆ 0.1, ಫೇಸ್‌ಗೆ 0.5 ಬಂತು. ಫೇಸ್‌ನ ಅಳತೆ ಕಡ್ಡಿಯನ್ನು ಸ್ವಲ್ಪ ಅಲುಗಿಸಿದರೂ ಏರಿಳಿಯುತ್ತದೆ. ದೀಪ ಹಿಡಿದು ನೋಡಿದಾಗ ಆ ಸಂಪರ್ಕದ ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುವುದು ಕಂಡಿತು. ಅರ್ಧ ಓಮ್ ಎಂಬುದು ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ದೊಡ್ಡದೇ?

ಸುಮನಸ

ಅರ್ಧ ಓಮ್ ಏನೂ ಅಲ್ಲ. ಕೆಟಲ್‌ನ 35 ಓಮ್‌ನ ಮುಂದೆ ಅದು ಕಾಲು ಭಾಗವೂ ಅಲ್ಲ. ಮರಳು ಕಾಗದದಿಂದ ಉಜ್ಜಿದರೆ ಸಾಕು.

ತಾಮ್ರತಂತಿ

ನೀರು ಕಾಯುವ ವೇಗದ ಮಟ್ಟಿಗೆ ಸುಮನಸ ಅವರ ಮಾತು ನಿಜ. ಅರ್ಧ ಓಮ್‌ನಿಂದ ಕೆಟಲ್ ನಿಧಾನವಾದದ್ದು ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಆ ಅರ್ಧ ಓಮ್ ಇರುವ ಜಾಗ ಯಾವುದು ಎಂದು ಯೋಚಿಸಿ. 1500 ವಾಟ್‌ನ ಕೆಟಲ್ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ಆರೂವರೆಯ ವರ್ಗವನ್ನು ಅರ್ಧಕ್ಕೆ ಗುಣಿಸಿದರೆ 21 ವಾಟ್. ಒಂದು ಸಣ್ಣ ಬೆಸುಗೆ ಕಡ್ಡಿಯಷ್ಟು ಶಾಖವು ಬೆರಳಿನ ಉಗುರಿಗಿಂತ ಚಿಕ್ಕದಾದ ಸಂಪರ್ಕದಲ್ಲಿ, ಪ್ಲಾಸ್ಟಿಕ್‌ನ ನಡುವೆ, ಪ್ರತಿ ಸಲ ನೀರು ಕಾಯಿಸುವಾಗಲೂ ಹುಟ್ಟುತ್ತಿದೆ. ಕಂದು ಬಣ್ಣ ಬಂದದ್ದು ಅದರಿಂದಲೇ. ಶಾಖಕ್ಕೆ ಸಂಪರ್ಕದ ಸ್ಪ್ರಿಂಗ್ ಸಡಿಲವಾಗುತ್ತದೆ, ಸಡಿಲವಾದಷ್ಟೂ ಶಾಖ ಹೆಚ್ಚುತ್ತದೆ. ಮರಳು ಕಾಗದ ಮೇಲಿನ ಕಪ್ಪನ್ನು ತೆಗೆಯಬಹುದು, ಬಿಗುವು ಕಳೆದುಕೊಂಡ ಸ್ಪ್ರಿಂಗಿಗೆ ಬಿಗುವನ್ನು ಮರಳಿ ಕೊಡಲಾರದು; ಅಲ್ಲದೆ ಮೇಲಿನ ಲೇಪವನ್ನೂ ಕೆರೆದುಹಾಕುತ್ತದೆ.

ಬೇಸನ್ನು ಮಾತ್ರ ಹೊಸದಾಗಿ ಹಾಕಿ ಕೆಟಲ್‌ನ ತಳದಲ್ಲಿರುವ ಅದರ ಜೋಡಿಯನ್ನು ಹಳೆಯದೇ ಉಳಿಸಿಕೊಳ್ಳುವುದೂ ಸರಿಯಲ್ಲ. ಸುಟ್ಟ ಅರ್ಧವು ಹೊಸ ಅರ್ಧವನ್ನು ಬೇಗನೆ ಸುಡುತ್ತದೆ. ಹಲವು ಕೆಟಲ್‌ಗಳಲ್ಲಿ ತಳದ ಸಾಕೆಟ್, ಸ್ವಿಚ್ಚು ಮತ್ತು ಎರಡೂ ಬಗೆಯ ಬಿಲ್ಲೆಗಳು ಒಂದೇ ಥರ್ಮೋಸ್ಟಾಟ್ ಜೋಡಣೆಯಲ್ಲಿರುತ್ತವೆ, ಮತ್ತು ಅದು ಬೇಸ್‌ನ ಸಂಪರ್ಕದೊಂದಿಗೆ ಜೋಡಿಯಾಗಿ ಸಿಗುತ್ತದೆ. ನಿಮ್ಮದೂ ಹಾಗೆಯೇ ಇದ್ದರೆ ಎರಡು ದೋಷಗಳು ಒಂದೇ ಭಾಗದಿಂದ ತೀರುತ್ತವೆ.

ಈಗ ತಳ ಬಿಚ್ಚಿ. ಸ್ಕ್ರೂಗಳ ತಲೆ ಮೂರು ಮೂಲೆಯದ್ದಾಗಿದ್ದರೆ ಅದಕ್ಕೆ ತಕ್ಕ ಬಿಟ್ ಬೇಕಾಗುತ್ತದೆ. ತಂತಿಗಳನ್ನು ಕೀಳುವ ಮುನ್ನ ಫೋಟೋ ತೆಗೆದುಕೊಳ್ಳಿ. ಎಲಿಮೆಂಟ್‌ನ ಎರಡು ತುದಿಗಳ ನಡುವೆ, ಫ್ಯೂಸ್‌ನ ಎರಡು ಬದಿಗಳ ನಡುವೆ, ಹಾಗೂ ಥರ್ಮೋಸ್ಟಾಟ್‌ನ ಒಳಬರುವ ಮತ್ತು ಹೊರಹೋಗುವ ತುದಿಗಳ ನಡುವೆ ಪ್ರತ್ಯೇಕವಾಗಿ ಅಳೆಯಿರಿ. ಎಲಿಮೆಂಟ್ ಅಳೆಯುವಾಗ ಅದರ ಒಂದು ತಂತಿಯನ್ನು ಬಿಡಿಸಿಟ್ಟಿರಿ. ಸೂಚನೆಯ ದೀಪ ಎಲಿಮೆಂಟ್‌ಗೆ ಸಮಾಂತರವಾಗಿರುವುದರಿಂದ, ಎಲಿಮೆಂಟ್ ಕಡಿದಿದ್ದರೂ ಕೆಲವು ಕೆಟಲ್‌ಗಳಲ್ಲಿ ದೀಪದ ಮೂಲಕ ಹತ್ತಾರು ಸಾವಿರ ಓಮ್‌ಗಳ ಸಂಖ್ಯೆಯೊಂದು ಬಂದು ದಾರಿ ತಪ್ಪಿಸುತ್ತದೆ.

ತಳದ ಬಿಲ್ಲೆಯ ಪಕ್ಕದಲ್ಲಿ ಒಂದು ಸಣ್ಣ ತಳ್ಳುಕಡ್ಡಿ ಇರುತ್ತದೆ. ಅದನ್ನು ಮರದ ಕಡ್ಡಿಯಿಂದ ಮೃದುವಾಗಿ ಒತ್ತಿದಾಗ ಸಂಪರ್ಕ ಬಿಂದುಗಳು ಬೇರೆಯಾಗಬೇಕು. ಆಗದಿದ್ದರೆ ನನ್ನ ಅನುಮಾನ ನಿಜವಾಯಿತು.

ಹೊಂಬೆಳಕು

ಬಿಚ್ಚಿ ನೋಡಿದೆ. ಎಲಿಮೆಂಟ್ 35.6 ಓಮ್ ಇದೆ. ಫ್ಯೂಸ್ ಎರಡೂ ದಿಕ್ಕಿನಲ್ಲಿ `OL`. ತಳದಲ್ಲಿ ಒಂದೇ ಬಿಲ್ಲೆ ಇದೆ. ಅದರ ತಳ್ಳುಕಡ್ಡಿಯನ್ನು ಒತ್ತಿದರೂ ಸಂಪರ್ಕ ಬೇರೆಯಾಗಲಿಲ್ಲ. ಬಿಂದುಗಳ ಅಂಚು ಕರಗಿ ಒಂದಾಗಿರುವುದು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸ್ವಿಚ್ಚಿನ ಸಂಪರ್ಕ ಮಾತ್ರ ಬೇರೆಯದಾಗಿದ್ದು, ಅದು ಸರಿಯಾಗಿಯೇ ತೆರೆದು ಮುಚ್ಚುತ್ತಿದೆ. ಕೈಯಿಂದ ಆರಿಸಿದಾಗ ಆರುತ್ತಿದ್ದುದು ಈ ಕಾರಣದಿಂದ ಎಂದು ಈಗ ಅರ್ಥವಾಯಿತು.

ಒಂದು ಸಂಗತಿ ಮಾತ್ರ ನನಗೆ ಹೊಳೆಯುತ್ತಿಲ್ಲ. ಎಲ್ಲವೂ ಆರಂಭವಾದದ್ದು ಹಬೆಯ ಬಿಲ್ಲೆಯಿಂದ. ಅದು ಹಾಳಾಗಿದೆಯೋ ಇಲ್ಲವೋ ಎಂದು ಮೀಟರ್‌ನಿಂದ ಹೇಗೆ ತಿಳಿಯುವುದು?

ತಾಮ್ರತಂತಿ

ಮೀಟರ್ ಬೇಡ, ಹಬೆಯೇ ಸಾಕು. ಥರ್ಮೋಸ್ಟಾಟ್ ಜೋಡಣೆಯನ್ನು ಹೊರತೆಗೆದ ಮೇಲೆ, ಸ್ವಿಚ್ಚನ್ನು ಚಾಲೂ ಸ್ಥಿತಿಗೆ ಒತ್ತಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು, ಕುದಿಯುವ ಪಾತ್ರೆಯ ಹಬೆಯನ್ನು ಆ ಬಿಲ್ಲೆಗೆ ತಾಗಿಸಿ. ಕೈಗೆ ಹಬೆ ತಾಗದಂತೆ ನೋಡಿಕೊಳ್ಳಿ. ಬಿಲ್ಲೆ ಸರಿಯಿದ್ದರೆ ಕೆಲವೇ ಕ್ಷಣಗಳಲ್ಲಿ ಅದು ಟಕ್ಕನೆ ಮಗುಚಿ ಸ್ವಿಚ್ಚನ್ನು ಹಾರಿಸುತ್ತದೆ.

ಅದು ಹಾರಿದರೆ ದೋಷ ಬಿಲ್ಲೆಯದ್ದಲ್ಲ, ದಾರಿಯದ್ದು. ಕೆಟಲ್‌ನ ಒಳಗೆ ಮುಚ್ಚಳದ ಹತ್ತಿರ, ಹಿಡಿಕೆಯ ಕಡೆಗೆ, ಒಂದು ಸೀಳು ಅಥವಾ ತೂತು ಇರುತ್ತದೆ. ಹಬೆ ಅಲ್ಲಿಂದ ಹಿಡಿಕೆಯೊಳಗಿನ ಕೊಳವೆಯ ಮೂಲಕ ಕೆಳಗಿಳಿದು ಬಿಲ್ಲೆಯನ್ನು ಸೇರುತ್ತದೆ. ಮುಚ್ಚಳ ಬಿಗಿಯಾಗಿ ಕೂರದಿದ್ದರೆ ಹಬೆ ಸುಲಭದ ದಾರಿ ಹಿಡಿದು ಹೊರಗೆ ಹೋಗುತ್ತದೆ, ಕೊಳವೆಗೆ ಇಳಿಯುವುದಿಲ್ಲ. ತೂತಿಗೆ ಸುಣ್ಣದ ಪದರ ಕಟ್ಟಿಕೊಂಡಿದ್ದರೂ ಫಲ ಅದೇ.

ಹೊಂಬೆಳಕು

ಬಿಲ್ಲೆ ನಾಲ್ಕು ಸಲವೂ ತಪ್ಪದೆ ಹಾರಿತು. ಹಬೆಯ ಸೀಳನ್ನು ನೋಡಿದರೆ, ಅದರ ಮುಕ್ಕಾಲು ಭಾಗಕ್ಕೆ ಬಿಳಿಯ ಗಟ್ಟಿ ಪದರ ಕಟ್ಟಿಕೊಂಡಿತ್ತು. ತಳದಲ್ಲಿ ಸುಣ್ಣ ಕಟ್ಟುವುದನ್ನು ನೋಡಿ ಆಗಾಗ ತೊಳೆಯುತ್ತಿದ್ದೆ, ಆದರೆ ಆ ಸೀಳಿನ ಕಡೆಗೆ ಕಣ್ಣು ಹೋಗಿರಲಿಲ್ಲ. ನಿಂಬೆ ಉಪ್ಪಿನ ದ್ರಾವಣದಲ್ಲಿ ಬಟ್ಟೆ ಅದ್ದಿ, ಸೀಳಿನ ಮೇಲೆ ಅರ್ಧ ಗಂಟೆ ಒತ್ತಿಟ್ಟು ಉಜ್ಜಿದಾಗ ಪದರ ಬಿಟ್ಟುಕೊಂಡಿತು. ಆದರೆ ಮುಚ್ಚಳವೂ ಕೀಲಿನಲ್ಲಿ ಕೊಂಚ ಅಲುಗುತ್ತದೆ. ಎರಡರಲ್ಲಿ ಯಾವುದು ನಿಜವಾದ ಕಾರಣ?

ತಾಮ್ರತಂತಿ

ಅದನ್ನು ಇಲ್ಲಿಂದ ಹೇಳುವುದು ಕಷ್ಟ. ಜೋಡಿಸಿದ ಮೇಲೆ ಎರಡು ಸಲ ಕುದಿಸಿ, ಒಮ್ಮೆ ಮುಚ್ಚಳವನ್ನು ಒದ್ದೆಯಿಲ್ಲದ ದಪ್ಪ ಬಟ್ಟೆಯಿಂದ ಒತ್ತಿ ಹಿಡಿದು, ಇನ್ನೊಮ್ಮೆ ಹಾಗೆಯೇ ಬಿಟ್ಟು, ಆರುವ ಸಮಯದಲ್ಲಿ ವ್ಯತ್ಯಾಸ ಬರುತ್ತದೆಯೇ ನೋಡಿ.

ಹೊಸ ಫ್ಯೂಸ್ ಹಾಕುವ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಿದೆ, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲಿಯೇ. ಹಳೆಯದರ ಮೈಮೇಲೆ ಒತ್ತಿರುವ ಉಷ್ಣತೆ ಮತ್ತು ಆಂಪಿಯರ್ ಎರಡೂ ಹೊಸದರಲ್ಲಿ ಅಷ್ಟೇ ಇರಬೇಕು. ಉಷ್ಣತೆ ಹೆಚ್ಚಿರುವುದನ್ನು ಹಾಕಿದರೆ ತಡವಾಗಿ ಕಡಿಯುತ್ತದೆ, ಕಡಿಮೆ ಇರುವುದನ್ನು ಹಾಕಿದರೆ ಎಂದಿನ ಬಳಕೆಯಲ್ಲೇ ಹೋಗುತ್ತದೆ. ಬೆಸುಗೆ ಹಾಕಬೇಡಿ, ಬೆಸುಗೆಯ ಶಾಖ ತಂತಿಯ ಮೂಲಕ ಒಳಗೆ ಹೋಗಿ ಹೊಸ ಫ್ಯೂಸ್ ಹಾಕುವಾಗಲೇ ಕಡಿದುಬಿಡುತ್ತದೆ. ಒತ್ತಿ ಕೂರಿಸುವ ಕ್ರಿಂಪ್ ತೋಳುಗಳನ್ನೇ ಬಳಸಿ, ಮತ್ತು ಫ್ಯೂಸ್‌ನ ಮೈಗೆ ತೀರಾ ಹತ್ತಿರದಲ್ಲಿ ಅದರ ಕಾಲುಗಳನ್ನು ಬಗ್ಗಿಸಬೇಡಿ, ಒಳಗಿನ ಮುದ್ರೆ ಸೀಳುತ್ತದೆ. ಶಾಖ ತಡೆಯುವ ಗಾಜುನಾರಿನ ಸ್ಲೀವ್ ಮರಳಿ ಏರಿಸಿ, ಮೊದಲು ಯಾವ ಜಾಗದಲ್ಲಿ ತಳಕ್ಕೆ ತಾಗಿ ಕೂತಿತ್ತೋ ಅದೇ ಜಾಗದಲ್ಲಿ ಕೂರಿಸಿ. ಗಾಳಿಯಲ್ಲಿ ತೂಗುವ ಫ್ಯೂಸ್‌ಗೆ ತಳದ ಶಾಖ ಸಕಾಲಕ್ಕೆ ತಿಳಿಯುವುದಿಲ್ಲ. ತಳದ ಬಿಲ್ಲೆ ತಾಗುವಲ್ಲಿ ಬಿಳಿಯ ಉಷ್ಣವಾಹಕ ಪೇಸ್ಟ್ ಇದ್ದರೆ ಹಳೆಯದನ್ನು ಒರೆಸಿ ಹೊಸದನ್ನು ತೆಳುವಾಗಿ ಹಚ್ಚಿ.

ಮೌನರಾಗ

ಇಷ್ಟೆಲ್ಲ ಓದಿದ ಮೇಲೆ ನನಗೊಂದು ಆತಂಕವಿದೆ. ಎರಡು ಸಲ ಒಣಗಿ ಕಾದ ಎಲಿಮೆಂಟ್ 35 ಓಮ್ ತೋರಿಸಿತು ಎಂಬುದರಿಂದ ಅದು ಸುರಕ್ಷಿತ ಎಂದು ಹೇಗೆ ಹೇಳುವುದು? ಎಲಿಮೆಂಟ್ ಕೊಳವೆಯ ತುದಿಯ ಮುದ್ರೆ ಅತಿಶಾಖಕ್ಕೆ ಬಿರುಕು ಬಿಟ್ಟರೆ ಒಳಗಿನ ಪುಡಿ ತೇವ ಹೀರುತ್ತದೆ, ಮತ್ತು ವಿದ್ಯುತ್ ಲೋಹದ ಮೈಗೆ ಸೋರುತ್ತದೆ. ಸಾಧಾರಣ ಮಲ್ಟಿಮೀಟರ್ ಕೆಲವೇ ವೋಲ್ಟ್‌ಗಳಿಂದ ಅಳೆಯುವುದರಿಂದ ಈ ಸೋರಿಕೆಯನ್ನು ಕಾಣದೆಯೇ `OL` ಎನ್ನಬಹುದು. 500 ವೋಲ್ಟ್‌ನ ಇನ್ಸುಲೇಷನ್ ಟೆಸ್ಟರ್‌ನಿಂದ ಎಲಿಮೆಂಟ್‌ಗೂ ಮೈಗೂ ನಡುವೆ ಅಳೆಯಿಸಿ, ಕನಿಷ್ಠ ಒಂದು ಮೆಗಾಓಮ್ ಬಂದರೆ ಮಾತ್ರ ಮುಂದುವರಿಯಿರಿ ಎಂಬುದು ನನ್ನ ಕೋರಿಕೆ. ನಾನಾಗಿದ್ದರೆ ಈ ಕೆಟಲ್ಲನ್ನು ಕೈಬಿಡುತ್ತಿದ್ದೆ.

ತಾಮ್ರತಂತಿ

ಮೌನರಾಗ ಅವರು ಹೇಳಿದ ಪರೀಕ್ಷೆಯನ್ನು ನಾನೇ ಮೊದಲು ಹೇಳಬೇಕಿತ್ತು. ಅದನ್ನು ಖಂಡಿತ ಮಾಡಿಸಿ. ಜೋಡಿಸಿದ ಮೇಲೆ ಕೆಟಲ್ಲನ್ನು ಬೇಸ್ ಮೇಲಿಟ್ಟು, ಪ್ಲಗ್ಗಿನ ಅರ್ಥ್ ಪಿನ್ನಿಗೂ ಕೆಟಲ್‌ನ ಮೈಗೂ ನಡುವೆ ಹೆಚ್ಚುಕಡಿಮೆ ಸೊನ್ನೆ ಬರುತ್ತದೆಯೇ ಎಂದೂ ನೋಡಿ. ಕೈಬಿಡಬೇಕು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅಳತೆ ಚೆನ್ನಾಗಿ ಬಂದ ಎಲಿಮೆಂಟನ್ನು ಅನುಮಾನದ ಮೇಲಷ್ಟೇ ಎಸೆಯಲು ನನಗೆ ಕಾರಣ ಕಾಣುವುದಿಲ್ಲ.

ಮೌನರಾಗ

ಇಂದು ಚೆನ್ನಾಗಿರುವ ಮುದ್ರೆ ಆರು ತಿಂಗಳ ನಂತರವೂ ಹಾಗೆಯೇ ಇರುತ್ತದೆ ಎಂಬ ಭರವಸೆಯನ್ನು ಆ ಪರೀಕ್ಷೆ ಕೊಡುವುದಿಲ್ಲ. ಆ ಸಾಕೆಟ್‌ನ ಸಾಲಿಗೆ ಸೋರಿಕೆ ಕಡಿಯುವ ಬ್ರೇಕರ್ ಇಲ್ಲದಿದ್ದರೆ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ಸುಮನಸ

ನನ್ನ ಮೊದಲ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ನಾನು ನೇರವಾಗಿ ಸೇರಿಸಿದ ಎರಡು ಕೆಟಲ್‌ಗಳಲ್ಲಿ ಒಂದು ಇನ್ನೂ ಬಳಕೆಯಲ್ಲಿದೆ. ಅದರ ಫ್ಯೂಸ್ ಏಕೆ ಹೋಯಿತು ಎಂದು ಆಗ ನಾನು ಕೇಳಿಕೊಂಡಿರಲಿಲ್ಲ. ಇವತ್ತೇ ಅದರ ಪ್ಲಗ್ ಕಿತ್ತಿಟ್ಟಿದ್ದೇನೆ. ಹಳೆಯ ಫ್ಯೂಸ್ ಎಸೆದುಬಿಟ್ಟಿರುವುದರಿಂದ ಎಷ್ಟು ಡಿಗ್ರಿಯದು ಹಾಕಬೇಕೆಂದು ಹೇಗೆ ತಿಳಿಯುವುದು?

ತಾಮ್ರತಂತಿ

ಅದೇ ಮಾದರಿಯ ಇನ್ನೊಂದು ಕೆಟಲ್ ಬಿಚ್ಚಿ ನೋಡುವುದು ಅಥವಾ ತಯಾರಕರ ಬಿಡಿಭಾಗದ ಪಟ್ಟಿ ನೋಡುವುದು, ಇವೆರಡೇ ದಾರಿ. ಊಹಿಸಿ ಹಾಕಬೇಡಿ. ಎರಡೂ ಆಗದಿದ್ದರೆ ಅದನ್ನು ಮತ್ತೆ ಬಳಸಬೇಡಿ.

ಹೊಂಬೆಳಕು

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ರಿಪೇರಿಯವರೊಬ್ಬರ ಬಳಿ ಇನ್ಸುಲೇಷನ್ ಟೆಸ್ಟರ್ ಇತ್ತು. ಎಲಿಮೆಂಟ್‌ಗೂ ಮೈಗೂ ನಡುವೆ 50 ಮೆಗಾಓಮ್‌ಗಿಂತ ಹೆಚ್ಚು ಬಂತು. ನಮ್ಮ ಅಡುಗೆಮನೆಯ ಸಾಲಿಗೆ ಸೋರಿಕೆ ಕಡಿಯುವ ಬ್ರೇಕರ್ ಇದೆ ಎಂಬುದನ್ನೂ ಮೌನರಾಗ ಅವರ ಮಾತಿನಂತೆ ನೋಡಿಕೊಂಡೆ. ಥರ್ಮೋಸ್ಟಾಟ್ ಜೋಡಣೆಯೂ ಬೇಸ್‌ನ ಸಂಪರ್ಕವೂ ಜೋಡಿಯಾಗಿ ಸಿಕ್ಕಿತು. ಅದನ್ನು ಕೂರಿಸಿ, ಫ್ಯೂಸನ್ನು ಕ್ರಿಂಪ್ ಮಾಡಿದೆ. ಮೊದಲ ಪ್ರಯತ್ನದಲ್ಲಿ ಹಬೆಯ ಕೊಳವೆಯ ಕೆಳತುದಿಯನ್ನು ಬಿಲ್ಲೆಯ ಕಡೆಗೆ ಸರಿಯಾಗಿ ಕೂರಿಸಿರಲಿಲ್ಲವಾದ್ದರಿಂದ ಕೆಟಲ್ ಮತ್ತೆ ಆರಲಿಲ್ಲ. ಇನ್ನೊಮ್ಮೆ ಬಿಚ್ಚಿ ಕೂರಿಸಬೇಕಾಯಿತು.

ತಳದ ಸಾಕೆಟ್‌ನಲ್ಲಿ ಈಗ 35.7 ಓಮ್ ಬರುತ್ತಿದೆ. 25 ಡಿಗ್ರಿಯ ಒಂದು ಲೀಟರ್ ನೀರು ಕುದಿಯಲು 3 ನಿಮಿಷ 50 ಸೆಕೆಂಡ್ ಹಿಡಿಯಿತು. ಮುಚ್ಚಳವನ್ನು ಒತ್ತಿ ಹಿಡಿದಾಗ ನೀರು ಬುಳಬುಳನೆ ಕುದಿಯಲು ಆರಂಭಿಸಿದ 9 ಸೆಕೆಂಡಿಗೆ, ಹಾಗೆಯೇ ಬಿಟ್ಟಾಗ 17 ಸೆಕೆಂಡಿಗೆ ಸ್ವಿಚ್ ಹಾರುತ್ತದೆ. ಮುಚ್ಚಳದ ಕೀಲಿಗೆ ಹೊಸ ಪಿನ್ನು ಹುಡುಕುತ್ತಿದ್ದೇನೆ.